ಅಜ್ಜಿಯ ಫೋನಿಗೆ ಯುಪಿಐ ಹಾಕಿದ ಆರು ದಿನ

ಹೋದ ತಿಂಗಳು ರಜೆ ಹಾಕಿ ತಿಪಟೂರಿಗೆ ಹೋಗಿದ್ದೆ. ಅಜ್ಜಿಯ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿದರೆ ಪ್ರತಿ ಶುಕ್ರವಾರದ ಮನೆಯಲ್ಲೂ ಪೆನ್ಸಿಲ್‌ನಲ್ಲಿ 40, 40, 60 ಅಂತ ಬರೆದಿತ್ತು. ಏನಜ್ಜಿ ಇದು ಅಂದೆ. ಹೂವಿನ ದುಡ್ಡಂತೆ. ಹೂವಿನವಳ ಹತ್ತಿರ ಚಿಲ್ಲರೆ ಇರಲ್ಲ, ಅಜ್ಜಿ ಹತ್ತಿರ ಇರೋದು ಬ್ಯಾಂಕಿಂದ ತಂದ ಐನೂರರ ನೋಟು. ಅದಕ್ಕೆ ಮಾವ ತನ್ನ ಫೋನಿಂದ ಹಾಕ್ತಾನೆ, ತಿಂಗಳ ಕೊನೆಗೆ ಅಜ್ಜಿ ಲೆಕ್ಕ ಕೂಡಿ ಮಾವನಿಗೆ ಕೊಡ್ತಾಳೆ.

"ನನ್ನ ದುಡ್ಡು ನಾನು ಕೊಡೋಕೆ ಅವನ ಫೋನ್ ಯಾಕೆ ಬೇಕು ಹೇಳು. ಅವನು ಊರಲ್ಲಿ ಇಲ್ಲದ ದಿನ ದೇವರಿಗೆ ಹೂವಿಲ್ಲ."

ಅಜ್ಜಿಗೆ ಎಪ್ಪತ್ತನಾಲ್ಕು. ಕನ್ನಡ ಓದ್ತಾಳೆ, ಇಂಗ್ಲಿಷ್ ಬರಲ್ಲ, ಅಂಕಿಗಳು ಚೆನ್ನಾಗಿ ಗೊತ್ತು. ಮಾವನ ಹಳೆಯ ಆಂಡ್ರಾಯ್ಡ್ ಫೋನ್ ಅವಳ ಹತ್ತಿರ ಇದೆ, ಕರೆ ಮಾಡೋಕೆ ಮತ್ತೆ ಭಜನೆ ಕೇಳೋಕೆ. ಅದಕ್ಕೇ ಯುಪಿಐ ಹಾಕಿಕೊಡೋಣ, ಅರ್ಧ ಗಂಟೆ ಕೆಲಸ ಅಂತ ಭಾನುವಾರ ಕೂತೆ. ಶುಕ್ರವಾರ ಮುಗಿಯಿತು. ಮನೆಯಲ್ಲಿ ಹಿರಿಯರಿಗೆ ಇದನ್ನೇ ಮಾಡಿಕೊಡಲು ಹೊರಟವರಿಗೆ ಉಪಯೋಗ ಆಗಲಿ ಅಂತ, ಎಲ್ಲೆಲ್ಲಿ ನಿಂತಿತು, ಹೇಗೆ ಸರಿಹೋಯಿತು ಅಂತ ಬರೆದಿಡ್ತಾ ಇದ್ದೇನೆ.

ಭಾನುವಾರ

ಆಪ್ ಹಾಕಿ ಭಾಷೆ ಕನ್ನಡ ಮಾಡಿದೆ. ಮೊದಲ ಹೆಜ್ಜೆಯಲ್ಲೇ ನಿಂತಿತು. ನಂಬರ್ ಪರಿಶೀಲಿಸಲು ಎಸ್‌ಎಂಎಸ್ ಕಳಿಸ್ತೀವಿ ಅಂತ ಬಂತು, ಗುಂಡಗೆ ತಿರುಗಿತು, ಆಗಲಿಲ್ಲ ಅಂತ ಹೇಳಿತು. ಮೂರು ಸಲ ಹೀಗೇ ಆಯಿತು.

ಇದು ಒಳಗೆ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದರೆ ಹುಡುಕೋದು ಸುಲಭ. ಓಟಿಪಿ ನಮಗೆ ಬರುತ್ತೆ, ನಾವು ಅದನ್ನು ಟೈಪ್ ಮಾಡ್ತೀವಿ. ಇಲ್ಲಿ ಉಲ್ಟಾ. ನಮ್ಮ ಫೋನಿನ ಸಿಮ್ಮಿನಿಂದಲೇ ಒಂದು ಮೆಸೇಜ್ ಹೊರಗೆ ಹೋಗಬೇಕು. ಅದು ಯಾವ ನಂಬರಿನಿಂದ ಬಂತು ಅಂತ ಆ ಕಡೆಯವರು ನೋಡ್ತಾರೆ, ಆ ನಂಬರಿಗೆ ಬ್ಯಾಂಕಿನಲ್ಲಿ ಯಾವ ಖಾತೆ ಇದೆ ಅಂತ ಹುಡುಕ್ತಾರೆ. ಓಟಿಪಿಯನ್ನು ಫೋನಿನಲ್ಲಿ ಕೇಳಿಕೊಂಡು ಬೇರೆ ಊರಲ್ಲಿ ಕೂತು ಹಾಕಬಹುದು, ಇದನ್ನು ಹಾಗೆ ಮಾಡೋಕಾಗಲ್ಲ. ಸಿಮ್ ಅದೇ ಫೋನಿನಲ್ಲಿ ಇರಲೇಬೇಕು. ಕಳ್ಳರಿಗೆ ಕಷ್ಟ ಆಗಲಿ ಅಂತಲೇ ಈ ಏರ್ಪಾಡು.

ಅಜ್ಜಿಯ ಫೋನಿನಲ್ಲಿ ಎರಡು ಸಿಮ್. ಒಂದು ಅವಳ ಹಳೆಯ ನಂಬರ್. ಇನ್ನೊಂದು ಮಾವ ಇಂಟರ್ನೆಟ್‌ಗೆ ಅಂತ ಹಾಕಿದ್ದು. ಆಪ್ ಎರಡನೆಯದರಿಂದ ಕಳಿಸ್ತಾ ಇತ್ತು. ಮೊದಲನೆಯದನ್ನು ಆರಿಸಿದೆ, ಆಗಲೂ ಹೋಗಲಿಲ್ಲ. ಫೋನಿನ ಮೆಸೇಜ್ ಪೆಟ್ಟಿಗೆ ತೆಗೆದು ನೋಡಿದಾಗ ಕಾರಣ ಸಿಕ್ಕಿತು. ಅರ್ಥವಾಗದ ಅಕ್ಷರಗಳ ಒಂದು ಮೆಸೇಜ್ ಕಳಿಸಲಾಗದೆ ಅಲ್ಲೇ ಕೂತಿತ್ತು. ಆ ಸಿಮ್ಮಿಗೆ ಕರೆ ಬರುವಷ್ಟು ರೀಚಾರ್ಜ್ ಮಾತ್ರ ಇತ್ತು, ಹೊರಗೆ ಒಂದು ಎಸ್‌ಎಂಎಸ್ ಕಳಿಸುವಷ್ಟು ಬ್ಯಾಲೆನ್ಸ್ ಇರಲಿಲ್ಲ. ಹಿರಿಯರ ಫೋನ್ ಆದರೆ ಇದನ್ನೇ ಮೊದಲು ನೋಡಿ. ಹತ್ತು ರೂಪಾಯಿ ಟಾಪ್ ಅಪ್ ಹಾಕಿದೆ, ಮೆಸೇಜ್ ತಕ್ಷಣ ಹೋಯಿತು.

ಈಗ ಬ್ಯಾಂಕ್ ಆರಿಸಿದೆ. ಈ ನಂಬರಿಗೆ ಖಾತೆ ಸಿಗಲಿಲ್ಲ ಅಂತ ಬಂತು.

ಅಜ್ಜಿ ಮರದ ಬೀರುವಿನಿಂದ ಪಾಸ್‌ಬುಕ್ ತಂದಳು. ಮೊದಲ ಪುಟದಲ್ಲಿದ್ದ ಮೊಬೈಲ್ ನಂಬರ್ ಮಾವನದು. ಖಾತೆ ತೆರೆದಾಗ ಅಜ್ಜಿಗೆ ಫೋನೇ ಇರಲಿಲ್ಲ, ಫಾರ್ಮಿನಲ್ಲಿ ಮಗನ ನಂಬರ್ ಬರೆದಿದ್ದರು. ಅಂದರೆ ಇಷ್ಟು ವರ್ಷ ಅವಳ ಪೆನ್ಷನ್ ಬಂದ ಮೆಸೇಜು ಮಾವನಿಗೆ ಹೋಗ್ತಾ ಇತ್ತು. ಅವನು ಒಳ್ಳೆಯವನು, ಪ್ರತಿ ತಿಂಗಳೂ "ಬಂತಮ್ಮ" ಅಂತ ಹೇಳ್ತಿದ್ದ. ಆದರೂ ಅಜ್ಜಿ ಆ ನಂಬರ್ ನೋಡಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು.

ಸೋಮವಾರ

ಬ್ಯಾಂಕಿಗೆ ಹೋದೆವು. ಪಾಸ್‌ಬುಕ್, ಆಧಾರ್ ಕಾರ್ಡು, ಅದರ ಜೆರಾಕ್ಸ್, ಮೊಬೈಲ್ ನಂಬರ್ ಬದಲಿಸಲು ಒಂದು ಫಾರ್ಮ್, ಅಜ್ಜಿಯ ಸಹಿ. ಖಾತೆದಾರರೇ ಬರಬೇಕು, ಬೇರೆಯವರು ಅರ್ಜಿ ಕೊಟ್ಟರೆ ಆಗಲ್ಲ. ಎರಡು ದಿನ ಬಿಟ್ಟು ನೋಡಿ ಅಂದರು.

ಅದೇ ಓಡಾಟದಲ್ಲಿ ಇನ್ನೊಂದು ಕೆಲಸ ಮಾಡಿದೆವು, ನನಗೆ ಅದು ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದವರೆಗೆ ಕಳಿಸಬಹುದು. ಅಜ್ಜಿಯ ಉಳಿತಾಯ ಪೂರ್ತಿ ಆ ಒಂದೇ ಖಾತೆಯಲ್ಲಿತ್ತು. ಯಾರೋ ಮಾತಾಡಿ ಮೋಸ ಮಾಡಿದರೆ ಎಲ್ಲಾ ಒಂದೇ ಏಟಿಗೆ ಹೋಗಬಹುದು. ಹಾಗಾಗಿ ಆರು ಸಾವಿರ ಬಿಟ್ಟು ಉಳಿದದ್ದನ್ನು ಎಫ್‌ಡಿ ಮಾಡಿಸಿದೆವು. ಮಧ್ಯೆ ಮುರಿಸಿದರೆ ಬಡ್ಡಿ ಕಡಿಮೆ ಆಗುತ್ತೆ ಅಂತ ಗುಮಾಸ್ತರು ಹೇಳಿದರು, ಅಜ್ಜಿ ಪರವಾಗಿಲ್ಲ ಅಂದಳು.

"ಅಕ್ಕಿ ಮೂಟೆ ಒಳಗಿಟ್ಟು ಡಬ್ಬಿಗೆ ವಾರಕ್ಕಾಗುವಷ್ಟು ತುಂಬಿಸಿಕೊಳ್ಳಲ್ವಾ, ಹಾಗೆ" ಅಂತ ಅವಳೇ ವಿವರಿಸಿದಳು, ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ.

ಮಂಗಳವಾರ

ನಂಬರ್ ಬದಲಾಗುವವರೆಗೆ ಬೇರೆ ಕೆಲಸ ಇರಲಿಲ್ಲ, ಅದಕ್ಕೆ ಫೋನನ್ನೇ ರಿಪೇರಿ ಮಾಡಿದೆವು. ಅಜ್ಜಿ ಒತ್ತಿದರೆ ಕೆಲವು ಸಲ ಏನೂ ಆಗ್ತಿರಲಿಲ್ಲ, ಕೆಲವು ಸಲ ಎರಡು ಸಲ ಒತ್ತಿದ ಹಾಗೆ ಆಗ್ತಿತ್ತು. ಅವಳು ತನ್ನ ಕೈಯನ್ನೇ ಬೈಯ್ಯುತ್ತಿದ್ದಳು. ತಪ್ಪು ಕೈಯದಲ್ಲ. ಆ ಗಾಜು ಬೆರಳಿನ ಒತ್ತಡ ನೋಡಲ್ಲ, ಚರ್ಮ ತಾಕಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆ ನೋಡುತ್ತೆ. ಐವತ್ತು ವರ್ಷ ಪಾತ್ರೆ ತಿಕ್ಕಿ, ಕಾಯಿ ಸುಲಿದು, ಬೆರಳ ತುದಿ ಒಣಗಿ ಗಟ್ಟಿಯಾಗಿದೆ. ಅದರ ಮೇಲೆ ಅವಳು ಉಗುರಿನಿಂದ ಒತ್ತುತ್ತಿದ್ದಳು. ಉಗುರು ಗಾಜಿಗೆ ಗೊತ್ತೇ ಆಗಲ್ಲ.

ಮೊದಲು ಗುಳ್ಳೆ ಎದ್ದಿದ್ದ ಹಳೆಯ ಸ್ಕ್ರೀನ್ ಗಾರ್ಡ್ ಕಿತ್ತು ತೆಗೆದೆ. ಆಮೇಲೆ ಒದ್ದೆ ಬಟ್ಟೆಗೆ ಒಂದು ಸಲ ಬೆರಳು ಒತ್ತಿ, ಒರೆಸಿಕೊಂಡು, ಬೆರಳಿನ ಮೆತ್ತನೆ ಭಾಗದಿಂದ ಮುಟ್ಟೋಕೆ ಹೇಳಿದೆ. ನೋಟು ಎಣಿಸುವಾಗ ಬೆರಳು ಒದ್ದೆ ಮಾಡಿಕೊಳ್ಳುವ ಅಭ್ಯಾಸ ಇದ್ದೇ ಇತ್ತು, ಅದನ್ನು ಬೇಗ ಹಿಡಿದಳು. ಸೆಟ್ಟಿಂಗ್ಸ್‌ನಲ್ಲಿ Accessibility ಒಳಗೆ Touch & hold delay ಅಂತ ಇರುತ್ತೆ, ಅದನ್ನು Long ಮಾಡಿದೆ. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತರೂ ಬೇರೆ ಏನೋ ತೆರೆದುಕೊಳ್ಳೋದು ಇದರಿಂದ ನಿಂತಿತು. ಅಕ್ಷರ ದೊಡ್ಡದು ಮಾಡಿದೆ, ಆದರೆ ಎಲ್ಲಕ್ಕಿಂತ ದೊಡ್ಡದಲ್ಲ. ಪೂರ್ತಿ ದೊಡ್ಡದು ಮಾಡಿದಾಗ ಆಪ್‌ನ ಕೆಳಗಿನ ಬಟನ್ ಪರದೆಯಿಂದ ಹೊರಗೆ ಹೋಗಿ ಕಾಣದೇ ಹೋಯಿತು. ಒಂದು ಹೆಜ್ಜೆ ಕಡಿಮೆ ಇಟ್ಟಾಗ ಸರಿಯಾಯಿತು.

ಬುಧವಾರ

ಮಧ್ಯಾಹ್ನ ಅಜ್ಜಿಯ ಫೋನಿಗೆ ಬ್ಯಾಂಕಿನಿಂದ ಮೆಸೇಜ್ ಬಂತು, ಅವಳ ಜೀವನದಲ್ಲಿ ಮೊದಲನೆಯದು. ಆಪ್ ತೆರೆದು ಮತ್ತೆ ಮೊದಲಿಂದ ಮಾಡಿದೆವು. ಈ ಸಲ ಖಾತೆ ಸಿಕ್ಕಿತು.

ಯುಪಿಐ ಪಿನ್ ಇಡೋಕೆ ನಮ್ಮ ಆಪ್‌ನಲ್ಲಿ ಎರಡು ದಾರಿ ಕಂಡವು. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಹಾಕೋದು ಒಂದು. ಅಜ್ಜಿಯ ಕಾರ್ಡು ಬಂದ ಕವರಿನಲ್ಲೇ ಇತ್ತು, ಒಂದು ಸಲವೂ ಬಳಸದೆ ಅವಧಿ ಮುಗಿದಿತ್ತು. ಇನ್ನೊಂದು ದಾರಿ ಆಧಾರ್. ಆಧಾರಿನ ಮೊದಲ ಆರು ಅಂಕಿ ಹಾಕಿದರೆ ಓಟಿಪಿ ಬರುತ್ತೆ. ಆದರೆ ಆಧಾರಿಗೂ ಬ್ಯಾಂಕಿಗೂ ಒಂದೇ ಮೊಬೈಲ್ ನಂಬರ್ ಇರಬೇಕು. ಅದೃಷ್ಟಕ್ಕೆ ಆಧಾರಿನಲ್ಲಿ ಅಜ್ಜಿಯದೇ ನಂಬರ್ ಇತ್ತು. ಇಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಇನ್ನೊಂದು ಓಡಾಟ, ಅಥವಾ ಹೊಸ ಕಾರ್ಡ್ ಬರುವವರೆಗೆ ಕಾಯಬೇಕಾಗಿತ್ತು.

ಈಗ ಪಿನ್ ಏನಿಡೋದು? ಹುಟ್ಟಿದ ವರ್ಷ ಬೇಡ ಅಂದೆ, ಅದು ಆಧಾರಿನ ಮೇಲೇ ಇರುತ್ತೆ. ಫೋನ್ ನಂಬರಿನ ಕೊನೆ ನಾಲ್ಕು ಅಂಕಿಯೂ ಬೇಡ. ಹಾಗಾದ್ರೆ ಮರೆತುಹೋಗುತ್ತೆ ಅಂದಳು. ಚೀಟಿಯಲ್ಲಿ ಬರೆದು ಫೋನಿನ ಕವರಿನಲ್ಲಿ ಇಡ್ತೀನಿ ಅಂದಳು. ಅದು ಬೇಡವೇ ಬೇಡ ಅಂದೆ.

ಆಮೇಲೆ ನಡೆದದ್ದು ನನಗೆ ಹೊಳೆದದ್ದಲ್ಲ, ಅವಳಿಗೆ ಹೊಳೆದದ್ದು. ಅಂಕಿಗಳ ಜೋಡಣೆ ತೋರಿಸೋಕೆ ಹಳೆಯ ಕ್ಯಾಲೆಂಡರಿನ ಹಿಂದೆ ಮೂರು ಮೂರರ ಮೂರು ಸಾಲು, ಕೆಳಗೆ ಮಧ್ಯದಲ್ಲಿ ಸೊನ್ನೆ ಬರೆದಿದ್ದೆ. ಅಜ್ಜಿ ಅದನ್ನು ನೋಡಿ, "ಇದು ಚುಕ್ಕಿ ಇಟ್ಟ ಹಾಗೇ ಇದೆ ಕಣೇ" ಅಂದಳು. ಬೆರಳನ್ನು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಎಳೆದು ನೋಡಿದಳು. ಅರವತ್ತು ವರ್ಷದಿಂದ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ಚುಕ್ಕಿ ರಂಗೋಲಿ ಬಿಡುವ ಬೆರಳು ಅದು. ಅಂಕಿ ಮರೆತುಹೋಗಬಹುದು, ಎಳೆ ಮರೆಯಲ್ಲ. ನೇರ ಗೆರೆ ಬೇಡ, ಮೂಲೆಯಿಂದ ಮೂಲೆಗೆ ಬೇಡ, ಅದನ್ನು ಎಲ್ಲರೂ ಊಹಿಸ್ತಾರೆ ಅಂದೆ ಅಷ್ಟೇ. ಅವಳು ಕಾಗದ ತಿರುಗಿಸಿಕೊಂಡು, ನನಗೆ ಬೆನ್ನು ಹಾಕಿ, ತನ್ನದೊಂದು ಎಳೆ ಮಾಡಿಕೊಂಡಳು. ಫೋನಿನಲ್ಲಿ ಹಾಕುವಾಗ ನಾನು ಹಿತ್ತಲಿಗೆ ಹೋಗಿ ನಿಂತಿದ್ದೆ. ಅವಳ ಪಿನ್ ನನಗೆ ಇವತ್ತಿಗೂ ಗೊತ್ತಿಲ್ಲ.

ಅಭ್ಯಾಸಕ್ಕೆ ದುಡ್ಡು ಕಳಿಸಲೇಬೇಕು ಅಂತಿಲ್ಲ. ಬ್ಯಾಲೆನ್ಸ್ ನೋಡೋಕೂ ಅದೇ ಪಿನ್ ಬೇಕು. ಹಾಗಾಗಿ ಬ್ಯಾಲೆನ್ಸ್ ನೋಡುವುದನ್ನೇ ಅಭ್ಯಾಸ ಮಾಡಿಸಿದೆ. ಮೊದಲ ಸಲ ಸರಿ ಬಂತು. ಎರಡನೇ ಸಲ ತಪ್ಪು, ಮೂರನೇ ಸಲವೂ ತಪ್ಪು. ಅಲ್ಲಿಗೆ ನಿಲ್ಲಿಸಿದೆ. ಮೇಲಿಂದ ಮೇಲೆ ಮೂರು ಸಲ ತಪ್ಪಿದರೆ ಬ್ಯಾಂಕು ಪಿನ್ನನ್ನು ತಡೆದುಬಿಡುತ್ತೆ, ಸಾಮಾನ್ಯವಾಗಿ ಒಂದು ದಿನ ಕಾಯಬೇಕು. ಯಾಕೆ ತಪ್ಪಿತು ಅಂತ ಕಾಗದದ ಮೇಲೆ ನೋಡಿದೆವು. ಎಳೆ ಸರಿಯಾಗೇ ಇತ್ತು. ಫೋನಿನಲ್ಲಿ ಬೆರಳನ್ನು ಎತ್ತದೆ ಎಳೆಯುತ್ತಿದ್ದಳು, ರಂಗೋಲಿ ಹಾಗೇ ಅಲ್ವಾ. ಒಂದೊಂದು ಚುಕ್ಕಿಗೂ ಬೆರಳು ಎತ್ತಿ ಇಡು ಅಂದೆ. ಕಾಗದದ ಮೇಲೆ ಹತ್ತು ಸಲ ಆಯಿತು, ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಹಾಕಿದಾಗ ಸರಿಬಂತು.

ಗುರುವಾರ

ನನಗೆ ಒಂದು ರೂಪಾಯಿ ಕಳಿಸುವ ಪಾಠ. ಮೊದಲ ಸಲ 1 ಒತ್ತಿದ್ದು 11 ಆಯಿತು. ಅಜ್ಜಿ ಗಮನಿಸಲಿಲ್ಲ, ನಾನೂ ಬೇಕೆಂದೇ ಹೇಳಲಿಲ್ಲ. ಹನ್ನೊಂದು ರೂಪಾಯಿ ನನಗೆ ಬಂತು. ಅವಳಿಗೆ ತೋರಿಸಿದೆ. ಪಿನ್ ಒತ್ತುವ ಪುಟ ನಮ್ಮ ಫೋನಿನಲ್ಲಿ ಇಂಗ್ಲಿಷಿನಲ್ಲೇ ಬಂತು, ಆಪ್ ಕನ್ನಡದಲ್ಲಿದ್ದರೂ. ಆದರೆ ಆ ಪುಟದ ಮೇಲ್ಗಡೆ ಯಾರಿಗೆ, ಎಷ್ಟು ಅಂತ ಇನ್ನೊಂದು ಸಲ ಬರುತ್ತೆ, ಅಂಕಿಯನ್ನಂತೂ ಅಜ್ಜಿ ಓದಬಲ್ಲಳು. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆವು. ಪಿನ್ ಮುಟ್ಟುವ ಮೊದಲು ಮೇಲಿನ ಅಂಕಿಯನ್ನು ಬಾಯಿಬಿಟ್ಟು ಓದಬೇಕು, ಜೋರಾಗಿ. ತಪ್ಪಿದ್ದರೆ ಹಿಂದೆ ಬರಬೇಕು. ಪಿನ್ ಹಾಕುವವರೆಗೆ ದುಡ್ಡು ಎಲ್ಲೂ ಹೋಗಲ್ಲ.

ಸಂಜೆ ನಾನು ಕೋಣೆಯಿಂದ ಕರೆ ಮಾಡಿ, ಬ್ಯಾಂಕಿನವನ ಹಾಗೆ ಮಾತಾಡಿದೆ. "ಅಮ್ಮಾ, ನಿಮಗೆ ಎರಡು ಸಾವಿರ ಬಂದಿದೆ, ತಗೊಳ್ಳೋಕೆ ಪಿನ್ ಒತ್ತಿ." ಅಜ್ಜಿ ಒತ್ತಲು ಹೊರಟೇಬಿಟ್ಟಳು. ಓಡಿಬಂದು ಹೇಳಿದೆ, ದುಡ್ಡು ಬರೋಕೆ ಪಿನ್ ಬೇಡ, ಹೋಗೋಕೆ ಮಾತ್ರ ಬೇಕು. ಅವಳು ಸ್ವಲ್ಪ ಯೋಚಿಸಿ, "ಹುಂಡಿಗೆ ಹಾಕೋಕೆ ಕೀಲಿ ಯಾಕೆ? ತೆಗೆಯೋಕೆ ತಾನೇ ಕೀಲಿ" ಅಂದಳು. ನಾನು ಹೇಳಿದ್ದಕ್ಕಿಂತ ಇದು ಸರಿಯಾಗಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಕರೆ ಮಾಡಿದೆ, ಈ ಸಲ ಬಹುಮಾನ ಬಂದಿದೆ ಅಂದೆ. "ಹಾಕ್ಬಿಡಿ, ಹುಂಡಿ ತೆರೆದೇ ಇದೆ" ಅಂತ ಇಟ್ಟುಬಿಟ್ಟಳು. ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ 1930 ಅಂತ ಬರೆದೆ, ಹಣ ಮೋಸ ಆದರೆ ತಕ್ಷಣ ಕರೆ ಮಾಡುವ ಸೈಬರ್ ಸಹಾಯವಾಣಿ ಅದು.

ಶುಕ್ರವಾರ

ಬೆಳಿಗ್ಗೆ ಏಳು ಗಂಟೆ. ನಾನು ಫೋನ್ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ. ಹೂವಿನವಳು ಬುಟ್ಟಿ ಮುಂದೆ ಕೂತಿದ್ದಳು, ಪಕ್ಕದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ಕ್ಯೂಆರ್ ಹಾಳೆ ಕಟ್ಟಿತ್ತು. ದುಡ್ಡು ಬಂತು ಅಂತ ಕೂಗುವ ಡಬ್ಬ ಅವಳ ಹತ್ತಿರ ಇಲ್ಲ. ಅಜ್ಜಿ ಎರಡು ಮೊಳ ಕಾಕಡ ಅಳೆಸಿಕೊಂಡಳು. ನಲವತ್ತು ರೂಪಾಯಿ.

ಬಿಸಿಲು ಪ್ಲಾಸ್ಟಿಕ್ ಮೇಲೆ ಬಿದ್ದು ಹೊಳೆಯುತ್ತಿತ್ತು, ಸ್ಕ್ಯಾನ್ ಆಗಲಿಲ್ಲ. ಅಜ್ಜಿ ಸೆರಗನ್ನು ಅಡ್ಡ ಹಿಡಿದಳು, ತಕ್ಷಣ ಹಿಡಿಯಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಗಂಡಸಿನ ಹೆಸರು ಬಂತು. ಓದಿ ಹೇಳಿದೆ, ಅದೊಂದೇ ನಾನು ಮಾಡಿದ ಸಹಾಯ. "ನನ್ ಮಗಂದು ಕಣಮ್ಮ, ಅವನ ಖಾತೆಗೇ ಹೋಗೋದು" ಅಂದಳು ಹೂವಿನವಳು. ಹೆಸರು ಕೇಳೋದು ಸುಮ್ನೆ ಅಲ್ಲ. ಅಂಗಡಿಯ ಹಾಳೆಯ ಮೇಲೆ ಬೇರೆ ಯಾರೋ ತಮ್ಮ ಕ್ಯೂಆರ್ ಅಂಟಿಸಿ ಹೋದರೆ, ಗೊತ್ತಾಗುವ ಜಾಗ ಅದೊಂದೇ.

ಅಜ್ಜಿ 4 ಒತ್ತಿದಳು, 0 ಒತ್ತಿದಳು. ಮುಂದಿನ ಪುಟ ಬಂತು. "ನಲವತ್ತು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಓದಿದಳು. ಬೆರಳನ್ನು ಹೂವಿನ ಮೇಲಿನ ಒದ್ದೆ ಗೋಣಿಗೆ ಒತ್ತಿ, ಸೀರೆಗೆ ಒರೆಸಿಕೊಂಡು, ನನಗೆ ಬೆನ್ನು ಮಾಡಿ ನಿಂತು, ಎತ್ತಿ ಎತ್ತಿ ನಾಲ್ಕು ಚುಕ್ಕಿ ಇಟ್ಟಳು.

ಗುಂಡಗೆ ತಿರುಗತೊಡಗಿತು. ತಿರುಗಿತು, ತಿರುಗಿತು, ಆಮೇಲೆ ಹಳದಿ ಬಣ್ಣದಲ್ಲಿ ಪೆಂಡಿಂಗ್ ಅಂತ ನಿಂತಿತು. ಅಷ್ಟರಲ್ಲಿ ಖಾತೆಯಿಂದ ನಲವತ್ತು ಹೋಯಿತು ಅಂತ ಬ್ಯಾಂಕಿನ ಮೆಸೇಜೂ ಬಂತು. ಅಜ್ಜಿಯ ಮುಖ ಸಣ್ಣಗಾಯಿತು. "ಇನ್ನೊಂದು ಸಲ ಹಾಕ್ಲಾ?"

ಬೇಡ ಅಂದೆ. ಎರಡು ಸಲ ದುಡ್ಡು ಹೋಗೋದು ಇಂಥ ಹೊತ್ತಿನಲ್ಲೇ. ಪೆಂಡಿಂಗ್ ಅಂದರೆ ಆ ಕಡೆಯ ಬ್ಯಾಂಕಿನ ಉತ್ತರ ಇನ್ನೂ ಬಂದಿಲ್ಲ ಅಂತ ಅರ್ಥ, ಬಂದಮೇಲೆ ಆಗಿದೆ ಅಥವಾ ಆಗಿಲ್ಲ ಎರಡರಲ್ಲಿ ಒಂದಾಗುತ್ತೆ. ಆಗದೇ ಹೋಗಿ ನಮ್ಮ ಖಾತೆಯಿಂದ ಕಡಿತವಾಗಿದ್ದರೆ ಬ್ಯಾಂಕು ತಾನಾಗೇ ವಾಪಸ್ ಹಾಕಬೇಕು. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದರೆ ಮಾರನೆಯ ದಿನದೊಳಗೆ, ಅಂಗಡಿ ಖಾತೆಗಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕು 2019ರಲ್ಲೇ ನಿಯಮ ಮಾಡಿದೆ. ಇದನ್ನೆಲ್ಲ ಅಲ್ಲಿ ನಿಂತು ಅಜ್ಜಿಗೆ ಹೇಳಲಿಲ್ಲ, ಕಾಯೋಣ ಅಂತಷ್ಟೇ ಹೇಳಿದೆ.

"ಇರ್ಲಿ ಹೋಗಮ್ಮ, ನಿಮ್ಮನ್ನ ಇವತ್ತು ನೋಡ್ತಿದೀನಾ" ಅಂತ ಹೂವಿನವಳು ಪೊಟ್ಟಣ ಕೈಗಿಟ್ಟಳು. ಅಜ್ಜಿ ಪೊಟ್ಟಣವನ್ನು ಬುಟ್ಟಿಯ ಅಂಚಿಗೇ ವಾಪಸ್ ಇಟ್ಟಳು. ದೇವರ ಹೂವು, ದುಡ್ಡು ಸೇರದೆ ಒಯ್ಯಲ್ಲ ಅಂದಳು. ಅಂಗಡಿ ಮೆಟ್ಟಿಲ ಮೇಲೆ ಕೂತಳು. ನಾನೂ ಕೂತೆ. ನಾಲ್ಕು ನಿಮಿಷ ಆಗಿರಬಹುದು. ಹಿಸ್ಟರಿ ತೆಗೆದು ನೋಡಿದಳು, ಹಳದಿ ಹೋಗಿ ಹಸಿರು ಗುರುತು ಬಂದಿತ್ತು. ಎದ್ದು ಹೋಗಿ ತೋರಿಸಿದಳು. ಹೂವಿನವಳು ತಲೆಯಾಡಿಸಿದಳು, ಆದರೆ ಅಜ್ಜಿಗೆ ಅದು ಸಾಲಲಿಲ್ಲ.

"ನಿನ್ ಮಗನಿಗೆ ಫೋನ್ ಮಾಡು. ಅವನು ಹೇಳಲಿ."

ಅವಳು ಸೊಂಟದಿಂದ ಸಣ್ಣ ಕೀಪ್ಯಾಡ್ ಫೋನ್ ತೆಗೆದು ಕರೆ ಮಾಡಿದಳು. ಆ ಕಡೆಯಿಂದ ನಿದ್ದೆಗಣ್ಣಿನ ದನಿ, "ಹೂಂ ಬಂದಿದೆ, ನಲವತ್ತು." ಅಜ್ಜಿ ಆಗ ಪೊಟ್ಟಣ ತಗೊಂಡಳು.

ಮನೆಗೆ ಬಂದು ಪೂಜೆ ಮುಗಿಸಿ, ಕ್ಯಾಲೆಂಡರಿನ ಆ ಶುಕ್ರವಾರದ ಮನೆಯಲ್ಲಿ ಪೆನ್ಸಿಲ್‌ನಿಂದ 40 ಬರೆದಳು. ಆಮೇಲೆ ಅದರ ಪಕ್ಕ ಒಂದು ಚುಕ್ಕಿ ಇಟ್ಟಳು. ಏನಜ್ಜಿ ಅದು ಅಂದೆ. "ಇದು ನಿಮ್ಮ ಮಾವನ ಲೆಕ್ಕಕ್ಕಿಲ್ಲ ಅಂತ ಗುರುತು."